ಅಪ್ಪನ ಕಿವಿ ಮುಚ್ಚೇತಿ, ಇಯರ್ ಕ್ಯಾಂಡಲ್ ಹಚ್ಚಿದ ಮ್ಯಾಲೂ ತೆರೀವಲ್ದು. ಎರಡನೇದು ಹಚ್ಚಬೇಕೋ ಬ್ಯಾಡೋ?

ಬನಹಟ್ಟಿ_ಮಗ್ಗ · ಸೋಮವಾರ ರಾತ್ರಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಬನಹಟ್ಟಿ. ಅಪ್ಪಾಗ 63 ವರ್ಷ. ಮೂವತ್ತು ವರ್ಷದ ಮ್ಯಾಲಾತು, ಪವರ್‌ಲೂಮ್ ಮಗ್ಗ ನಡಸಾಕತ್ತಾರ. ಆ ಖಟಖಟ ಸಪ್ಪಳಕ್ಕ ಕಿವ್ಯಾಗ ನೂಲಿನ ವೇಸ್ಟ್ ಉಂಡಿ ಮಾಡಿ ತುರುಕ್ಕೊಳ್ಳೋದು ಅವರ ರೂಢಿ. ಸಂಜಿಗೆ ಮನಿಗೆ ಬಂದು ಅದನ್ನ ತಗದು, ಹತ್ತಿ ಕಡ್ಡಿ ಹಾಕಿ ತಿರುವ್ಯಾಡಿ ಕಿವಿ ಸ್ವಚ್ಛ ಮಾಡ್ಕೋತಾರ.

ಹೋದ ರವಿವಾರ ಎಣ್ಣಿ ಜಳಕ ಮಾಡಿ ಎದ್ದಾರ, ಬಲಗಿವಿ ಗಪ್ಪಂತ ಮುಚ್ಚೇತಿ. ನೀರು ಹೋಗಿರಬೇಕಂತ ಮತ್ತ ಬಡ್ ಹಾಕಿದ್ರು, ಇನ್ನಷ್ಟು ಮುಚ್ಚಿತು. ಈಗ ಫೋನ್ ಎಡಗಿವಿಗೇ ಹಚ್ತಾರ. ನಾವು ಬಲಕ್ಕ ನಿಂತು ಮಾತಾಡಿದ್ರ ಹೊಳ್ಳಿ ನೋಡಂಗಿಲ್ಲ.

ಅತ್ತಿ ಮಗ ಪುಣೆದಿಂದ ಇಯರ್ ಕ್ಯಾಂಡಲ್ ಜೋಡಿ ತಂದಿದ್ದ, ಮೇಣ ಸವರಿದ ಬಟ್ಟಿ ಕೊಳವಿ ಅದು, ಸಣ್ಣ ತುದಿ ಕಿವ್ಯಾಗ ಇಟ್ಟು ಮ್ಯಾಲಿನ ತುದಿಗೆ ಬೆಂಕಿ ಹಚ್ಚೋದು. ನಿನ್ನೆ ಒಂದು ಹಚ್ಚಿದ್ವಿ. ಹತ್ತು ನಿಮಿಷ ಉರೀತು. ಆಮ್ಯಾಲೆ ಉಳದ ತುಂಡು ಬಿಚ್ಚಿದ್ರ ಒಳಗ ಹಳದಿ ಪುಡಿ, ಕಂದು ಬಣ್ಣದ ಮೇಣದಂಥಾದ್ದು ಇಷ್ಟೊಂದು! ಮನಿಮಂದಿಯೆಲ್ಲಾ ಬಾಯ್ಮ್ಯಾಲೆ ಕೈ ಇಟ್ಕೊಂಡು ನೋಡಿದ್ರು. ಆದ್ರ ಅಪ್ಪಾಗ ಕೇಳ್ಸೋದು ಎಳ್ಳಷ್ಟೂ ಸುಧಾರಿಸಿಲ್ಲ. ಇಷ್ಟು ಗುಗ್ಗಿ ಹೊರಗ ಬಂದಮ್ಯಾಲೂ ಕಿವಿ ಯಾಕ ತೆರದಿಲ್ಲ? ಎರಡನೇ ಕ್ಯಾಂಡಲ್ ಹಚ್ಚಲ್ಯಾ? ತಿಳದವರು ಹೇಳ್ರಿ.

ಟಿಳಕವಾಡಿ_ಹುಡುಗ · ಸೋಮವಾರ ರಾತ್ರಿ

ಹಚ್ಚಿ ನೋಡ್ರಿ. ಅದರಾಗ ಬಿಸಿ ಗಾಳಿ ಮ್ಯಾಲೆ ಹೋಗ್ತದ, ಕೆಳಗ ವ್ಯಾಕ್ಯೂಮ್ ಆಗ್ತದ, ಗುಗ್ಗೆನ ಎಳ್ಕೋತದ. ವಿಡಿಯೋದಾಗ ನೋಡೀನಿ. ಒಂದರಾಗ ಪೂರ್ತಿ ಬರದಿದ್ರ ಎರಡನೇದು ಬೇಕಾಗಬಹುದು. ಬಡ್ ಬಗ್ಗೆ ಹೇಳೋದಾದ್ರ, ನಾನು ಹತ್ತು ವರ್ಷದಿಂದ ದಿನಾ ಸ್ನಾನ ಆದಮ್ಯಾಲೆ ಹಾಕ್ತೀನಿ, ಏನೂ ಆಗಿಲ್ಲ.

ಅಥಣಿ_ಕಾಕಾ · ಸೋಮವಾರ ರಾತ್ರಿ

ತಮ್ಮಾ, ಕ್ಯಾಂಡಲ್ಲು ಪಂಡಲ್ಲು ಬಿಡು. ನಮ್ಮವ್ವ ಮಾಡ್ತಿದ್ದದ್ದು ಹೇಳ್ತೀನಿ. ಕೊಬ್ಬರಿ ಎಣ್ಣ್ಯಾಗ ನಾಕ್ ಬೆಳ್ಳುಳ್ಳಿ ಎಸಳು ಹಾಕಿ ಚಟಪಟ ಅನ್ನೂಮಟಾ ಕಾಸು. ಸ್ವಲ್ಪ ಆರಿಸಿ, ಬೆಚ್ಚಗಿರೂದಾಗ ಕಿವಿ ತುಂಬ ಬಿಡು. ಗುಗ್ಗಿ ಕರಗತೈತಿ. ಮ್ಯಾಲೆ ಹತ್ತಿ ಜಡದು ಮಲಗಿಸು. ಮೂರು ದಿನದಾಗ ತಾನಾಗೇ ಹೊರಗ ಬರತೈತಿ.

ವಿಜಯಪುರ_ಶ್ರವಣ · ಸೋಮವಾರ ರಾತ್ರಿ

ಎರಡನೇ ಕ್ಯಾಂಡಲ್ ಹಚ್ಚಬ್ಯಾಡ್ರಿ. ಎಣ್ಣಿನೂ ಇವತ್ತೇ ಬಿಡಬ್ಯಾಡ್ರಿ. ಮೊದಲು ನನ್ನ ಪ್ರಶ್ನೆಗಳಿಗೆ ಉತ್ತರ ಕೊಡ್ರಿ.

ನಾನು ವಿಜಯಪುರದಾಗ ಆಡಿಯಾಲಜಿಸ್ಟ್. ಕಿವಿ ಪರೀಕ್ಷೆ ಮಾಡೋದು ನನ್ನ ಕೆಲಸ. ಯಾರೇ ಬರಲಿ, ಮಷೀನ್ ಹಚ್ಚೋಕ್ಕಿಂತ ಮೊದಲು ಕಿವಿಯೊಳಗ ಲೈಟ್ ಬಿಟ್ಟು ನೋಡ್ಬೇಕಾಗ್ತದ, ಯಾಕಂದ್ರ ಗುಗ್ಗೆ ಇದ್ರ ಪರೀಕ್ಷೆನೇ ತಪ್ಪಾಗ್ತದ. ಹಿಂಗಾಗಿ ದಿನಾ ಹತ್ತಾರು ಕಿವಿ ನೋಡ್ತೀನಿ.

ಅಪ್ಪಾಜಿಗೆ ಸಣ್ಣವರಿದ್ದಾಗ, ಇಲ್ಲಾ ಆಮ್ಯಾಲೆ, ಎಂದಾರ ಕಿವಿ ಸೋರಿತ್ತೇನ್ರಿ? ಕಿವಿ ಆಪರೇಶನ್ ಆಗೇದೇನು? ಈಗ ನೋವು, ರಕ್ತ, ತಲೆ ತಿರುಗೋದು ಏನಾರ ಅದಾವೇನು? ಕಿವಿ ತೂತಿನ ಮುಂದ ಸಣ್ಣ ಮೆತ್ತನ್ನ ಗುಬಟು ಇರ್ತದಲ್ಲ, ಅದನ್ನ ಒತ್ತಿದ್ರ ಚುರ್ ಅಂತದೇನು? ಸಕ್ಕರೆ ಕಾಯಿಲೆ ಅದನೋ ಇಲ್ಲೋ?

ಇನ್ನೊಂದು, ಇದನ್ನ ಮನ್ಯಾಗೇ ಮಾಡ್ಬಹುದು. ಬಾಯಿ ಮುಚ್ಚಿ "ಮ್‌ಮ್‌ಮ್" ಅಂತ ಒಂದೇ ಸ್ವರದಾಗ ಗುನುಗಾಕ ಹೇಳ್ರಿ. ಆ ಸಪ್ಪಳ ಯಾವ ಕಿವ್ಯಾಗ ಜೋರು ಕೇಳ್ತದ ಅಂತ ಕೇಳ್ರಿ. ಮುಚ್ಚಿದ ಬಲಗಿವ್ಯಾಗ ಜೋರು ಕೇಳಿದ್ರ ಬಹುಶಃ ಗುಗ್ಗೆನೋ, ಬ್ಯಾರೆ ಏನೋ ಅಡ್ಡ ಆಗೇದ. ಚಲೋ ಇರೋ ಎಡಗಿವ್ಯಾಗೇ ಜೋರು ಕೇಳಿದ್ರ ಎಣ್ಣಿ ಬಿಟ್ಕೋತ ಕೂಡಬ್ಯಾಡ್ರಿ, ನಾಳೆನೇ ಇಎನ್‌ಟಿ ಡಾಕ್ಟರ ಹತ್ರ ಹೋಗ್ರಿ. ಒಂದು ಕಿವಿ ದಿಢೀರಂತ ಕೇಳದಂಗಾದಾಗ ಕೆಲವೊಮ್ಮೆ ಅದು ಗುಗ್ಗೆ ಆಗಿರಂಗಿಲ್ಲ, ಒಳಗಿವಿಯ ನರದ ತೊಂದರೆ ಆಗಿರ್ತದ. ಅದಕ್ಕ ಸ್ಟೀರಾಯ್ಡ್ ಔಷಧ ಮೊದಲ ಕೆಲವು ದಿನದಾಗ ಶುರು ಆದ್ರ ಉಪಯೋಗ ಹೆಚ್ಚು. ಗುಗ್ಗೆ ಅಂತ ತಿಳ್ಕೊಂಡು ಮೂರು ವಾರ ಎಣ್ಣಿ ಬಿಟ್ಟು ಬಂದವರನ್ನ ನೋಡೀನಿ. ಆ ಹೊತ್ತಿಗೆ ಡಾಕ್ಟರ ಕೈಯಾಗೂ ಬಾಳ ಉಳದಿರಂಗಿಲ್ಲ.

ಬನಹಟ್ಟಿ_ಮಗ್ಗ · ಮಂಗಳವಾರ ಮುಂಜಾನೆ

ಅಕ್ಕಾರ, ಉತ್ತರ ತಂದೀನ್ರಿ. ಕಿವಿ ಎಂದೂ ಸೋರಿಲ್ಲ ಅಂತ ಅಜ್ಜಿನೂ ಹೇಳಿದ್ಲು. ಆಪರೇಶನ್ ಇಲ್ಲ. ರಕ್ತ ಇಲ್ಲ, ತಲಿ ತಿರುಗೋದಿಲ್ಲ. ಗುಬಟು ಒತ್ತಿದ್ರ ನೋವಿಲ್ಲ. ಸಕ್ರಿ ಐತ್ರಿ, ಒಂಬತ್ತು ವರ್ಷಾತು, ಗುಳಿಗಿ ತಗೋತಾರ. ಗುನುಗಿಸಿ ನೋಡಿದೆ, ಮೂರು ಸಲನೂ ಬಲಗಿವ್ಯಾಗೇ ಜೋರು ಅಂದ್ರು. ಮುಚ್ಚಿದ ಕಿವ್ಯಾಗ ಜೋರು ಕೇಳ್ಸೋದು ಹೆಂಗ್ರಿ?

ವಿಜಯಪುರ_ಶ್ರವಣ · ಮಂಗಳವಾರ ಮಧ್ಯಾಹ್ನ

ನೀವೂ ಮಾಡಿ ನೋಡ್ರಿ. ಒಂದು ಕಿವಿ ಬೆರಳಿಂದ ಮುಚ್ಕೊಂಡು ಗುನುಗ್ರಿ, ಆ ಕಿವ್ಯಾಗೇ ಗುಂಯ್ ಅಂತದ. ನಮ್ಮ ದನಿ ತಲಿ ಎಲುಬಿನ ಮೂಲಕನೂ ಒಳಗಿವಿಗೆ ಮುಟ್ತದ. ಹೊರಗಿನ ಸಪ್ಪಳಕ್ಕ ದಾರಿ ಮುಚ್ಚಿದಾಗ ಎಲುಬಿಂದ ಬರೋದು ಎದ್ದು ಕೇಳ್ತದ. ಡಾಕ್ಟರು ಶ್ರುತಿಕವೆ ಬಡದು ನೆತ್ತಿ ಮ್ಯಾಲೆ ಇಡ್ತಾರಲ್ಲ, ಇದೂ ಅದೇ ವಿಚಾರ. ಖರೇ ಪರೀಕ್ಷೆಯಷ್ಟು ಗಟ್ಟಿ ಅಲ್ಲ, ಆದ್ರ ಎಷ್ಟು ಅವಸರ ಮಾಡ್ಬೇಕು ಅನ್ನೋದಕ್ಕ ದಾರಿ ತೋರಸ್ತದ.

ಜಳಕ ಆದ ಕೂಡ್ಲೇ ಮುಚ್ಚೇದ ಅಂದ್ರಿ. ಅದೂ ಗುಗ್ಗೆಯ ಕಡೆನೇ ಬೆರಳು ತೋರಸ್ತದ. ಗುಗ್ಗೆ ಅಂದ್ರ ಬರೀ ಎಣ್ಣಿ ಜಿಡ್ಡಲ್ಲ, ಅದರಾಗ ಸತ್ತ ಚರ್ಮದ ಪದರು ಬಾಳ ಇರ್ತಾವ. ಅವು ನೀರು ಕುಡದು ಕಡ್ಲಿ ನೆನದಂಗ ಉಬ್ತಾವ. ಅಲ್ಲೀತನಕ ಸಣ್ಣ ಸಂದಿ ಇತ್ತು, ಅದರಿಂದ ಕೇಳ್ಸ್ತಿತ್ತು. ಸಂದಿ ಮುಚ್ಚಿದಾಗ ಒಮ್ಮೆಲೆ ಕಿವಿ ಹೋದಂಗ ಆಗ್ತದ. ಖರೇ ಅಂದ್ರ ಅದು ತಿಂಗಳುಗಟ್ಟಲೆ ಒಳಗ ಜಮಾ ಆಗಿತ್ತು.

ಯಾಕ ಜಮಾ ಆತು? ಕಿವಿಯ ದಾರಿ ದೊಡ್ಡವರಾಗ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್ ಉದ್ದ. ಗುಗ್ಗೆ ಹುಟ್ಟೋದು ಹೊರಗಿನ ಮೂರನೇ ಒಂದು ಪಾಲಿನಾಗ ಮಾತ್ರ. ಒಳಗಿನ ಪಾಲಿನಾಗ ಆ ಗ್ರಂಥಿಗಳೇ ಇಲ್ಲ. ಅಲ್ಲಿ ಎಲುಬಿನ ಮ್ಯಾಲೆ ಉಳ್ಳಾಗಡ್ಡಿ ಸಿಪ್ಪಿ ಹಂಗ ತೆಳ್ಳನ್ನ ಚರ್ಮ ಇರ್ತದ. ಆ ಚರ್ಮ ಒಂದು ಕಡೆ ನಿಂತಿರಂಗಿಲ್ಲ. ಕಿವಿಪರದೆಯಿಂದ ಹೊರಗಿನ ಕಡೆ ಭಾಳ ಸಾವಕಾಶ ಸರಕೋತ ಬರ್ತದ, ನಿಮ್ಮ ಮಗ್ಗದಾಗ ನೇಯ್ದ ಬಟ್ಟಿ ರೋಲಿನ ಕಡೆ ಸರದಂಗ. ಗುಗ್ಗೆ ಅದರ ಮ್ಯಾಲೆ ಕೂತು ಬಾಗಿಲಿಗೆ ಬರ್ತದ, ಒಣಗಿ ಉದುರ್ತದ. ರೊಟ್ಟಿ ಅಗಿಯೋದರಿಂದ, ಮಾತಾಡೋದರಿಂದ ದವಡೆ ಅಲ್ಲಾಡಿ ಅದೂ ಸಹಾಯ ಮಾಡ್ತದ.

ಬಡ್ ಹಾಕಿದಾಗ ತುದಿಗೆ ಸ್ವಲ್ಪ ಹಳದಿ ಹತ್ತಿ ಬರ್ತದ, ಸ್ವಚ್ಛ ಆತು ಅನಸ್ತದ. ಆದ್ರ ಹೊರಗ ಬಂದದ್ದಕ್ಕಿಂತ ಹೆಚ್ಚಿಂದು ಬಡ್ಡಿನ ಮುಂದ ಕೂತು ಒಳಗ ಹೋಗಿರ್ತದ. ತೋಪಿಗೆ ಮದ್ದು ಜಡಿದಂಗ. ಒಳಗಿನ ಪಾಲಿಗೆ ಹೋದ ಗುಗ್ಗೆ ಹೊಳ್ಳಿ ಬರೋದು ಕಷ್ಟ. ಅಪ್ಪಾಜಿ ದಿನಾ ಎರಡು ಸಲ ಜಡದಾರ, ಹಗಲಿಗೆ ನೂಲಿನ ಉಂಡಿಯಿಂದ, ಸಂಜಿಗೆ ಬಡ್ಡಿನಿಂದ.

ಟಿಳಕವಾಡಿ_ಹುಡುಗ · ಮಂಗಳವಾರ ಸಂಜೆ

ಮೇಡಂ, ಹಂಗಾದ್ರ ಕ್ಯಾಂಡಲ್‌ನಾಗ ಬಂದ ಹಳದಿ ಪುಡಿ ಏನು? ಅವರು ಕಣ್ಣಾರೆ ನೋಡ್ಯಾರಲ್ಲ.

ವಿಜಯಪುರ_ಶ್ರವಣ · ಮಂಗಳವಾರ ಸಂಜೆ

ಎರಡನೇ ಕ್ಯಾಂಡಲ್ ಉಳದದಲ್ಲ, ಅದನ್ನೇ ಕೇಳೋಣ. ಅದನ್ನ ಕಿವಿ ಹತ್ರ ಒಯ್ಯಬ್ಯಾಡ್ರಿ. ಅಂಗಳದಾಗ ಒಂದು ಸ್ಟೀಲ್ ಚರಿಗಿ ಇಡ್ರಿ. ಪೇಪರ್ ಪ್ಲೇಟಿಗೆ ತೂತು ಮಾಡಿ ಕ್ಯಾಂಡಲ್ಲಿನ ಸಣ್ಣ ತುದಿ ಅದರಾಗ ಸಿಗಿಸಿ, ಚರಿಗಿ ಬಾಯಿ ಮ್ಯಾಲೆ ಇಡ್ರಿ. ಇಕ್ಕಳದಿಂದ ಹಿಡೀರಿ, ಬಾಜೂಕ ಒಂದು ಬಕೆಟ್ ನೀರು ಇರಲಿ. ಮೊನ್ನೆ ಎಷ್ಟು ಹೊತ್ತು ಉರಿಸಿದ್ರೋ ಅಷ್ಟೇ ಹೊತ್ತು ಉರಿಸಿ ಆರಿಸ್ರಿ. ಆಮ್ಯಾಲೆ ಉಳದ ತುಂಡು ಬಿಚ್ಚಿ ನೋಡಿ ಇಲ್ಲಿ ಬರೀರಿ.

ಗೋಕಾಕ_ಅವ್ವ · ಮಂಗಳವಾರ ರಾತ್ರಿ

ಅಕ್ಕಾರ, ನಡುವ ಬಂದು ಕೇಳಾಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ಮಗಳಿಗೆ ನಾಕು ವರ್ಷ. ನೆಗಡಿ ಆಗಿತ್ತು, ನಿನ್ನೆ ರಾತ್ರಿಯಿಡೀ ಕಿವಿ ಹಿಡ್ಕೊಂಡು ಅತ್ತಾಳ. ಮುಂಜಾನೆ ದಿಂಬಿಗೆ ಹಳದಿ ನೀರು ಹತ್ತಿತ್ತು. ಈಗ ಅಳೋದು ಕಮ್ಮಿ ಐತಿ. ಗುಗ್ಗಿ ಕರಗಿ ಬಂತಂತ ಅತ್ತಿ ಅಂದ್ರು. ಕಾಕಾರು ಹೇಳಿದ ಬೆಳ್ಳುಳ್ಳಿ ಎಣ್ಣಿ ನಾಕು ಹನಿ ಬಿಡ್ಲ್ಯಾ?

ವಿಜಯಪುರ_ಶ್ರವಣ · ಮಂಗಳವಾರ ರಾತ್ರಿ

ಬಿಡಬ್ಯಾಡ ತಂಗಿ, ಒಂದು ಹನಿನೂ ಬಿಡಬ್ಯಾಡ. ನೆಗಡಿ ಆದಮ್ಯಾಲೆ ರಾತ್ರಿ ನೋವು, ಆಮ್ಯಾಲೆ ನೀರು ಸೋರಿ ನೋವು ಇಳಿಯೋದು ಗುಗ್ಗೆಯ ಲಕ್ಷಣ ಅಲ್ಲ. ಪರದೆಯ ಹಿಂದ ಕೀವು ತುಂಬಿ, ಪರದೆಗೆ ಸಣ್ಣ ತೂತು ಬಿದ್ದು ಹೊರಗ ಬಂದಿರಬೇಕು. ಒತ್ತಡ ಇಳೀತು, ಅದಕ್ಕೇ ಅಳೋದು ಕಮ್ಮಿ ಆಗೇದ. ಈಗ ಎಣ್ಣಿ ಬಿಟ್ರ ಆ ತೂತಿನಿಂದ ಒಳಗ ಹೋಗ್ತದ. ನಾಳೆ ಮುಂಜಾನೆ ಮಕ್ಕಳ ಡಾಕ್ಟರಿಗೆ ಇಲ್ಲಾ ಇಎನ್‌ಟಿಗೆ ತೋರಿಸು. ಅಲ್ಲೀತನಕ ತಲಿ ಜಳಕ ಬ್ಯಾಡ. ಹೊರಗ ಬಂದದ್ದನ್ನ ಮೆತ್ತನ್ನ ಬಟ್ಟೆಯಿಂದ ಒರಸು, ಒಳಗೇನೂ ಹಾಕಬ್ಯಾಡ. ಇಂಥಾ ತೂತು ಬಾಳ ಮಕ್ಕಳಿಗೆ ತಾನಾಗೇ ಕೂಡ್ತದ, ಅಂಜಬ್ಯಾಡ. ರಾತ್ರಿ ಜ್ವರ ಜೋರಾದ್ರ, ಕಿವಿ ಹಿಂದಿನ ಎಲುಬು ಬಾತು ಕೆಂಪಾದ್ರ ಮುಂಜಾನಿ ತನಕ ಕಾಯಬ್ಯಾಡ.

ಅಥಣಿ_ಕಾಕಾ · ಬುಧವಾರ ಮುಂಜಾನೆ

ಡಾಕ್ಟರವ್ವಾ, ನಾವು ಇದೇ ಎಣ್ಣಿ ಮ್ಯಾಲೆ ಬೆಳದವರು. ನಮ್ಮ ಮನ್ಯಾಗ ಏಳು ಮಂದಿ ಮಕ್ಕಳು, ಯಾರೂ ಕಿವುಡಾಗಿಲ್ಲ. ಎಣ್ಣಿ ತಪ್ಪಂದ್ರ ಒಪ್ಪೂದು ಕಷ್ಟ.

ವಿಜಯಪುರ_ಶ್ರವಣ · ಬುಧವಾರ ಮಧ್ಯಾಹ್ನ

ಕಾಕಾರ, ನಾನು ಡಾಕ್ಟರಲ್ರಿ, ಆದ್ರ ಎಣ್ಣಿ ತಪ್ಪು ಅಂತನೂ ಅಂದಿಲ್ಲ. ಪರದೆ ಗಟ್ಟಿ ಇದ್ರ, ಗುಗ್ಗೆ ಮೆತ್ತಗ ಮಾಡಾಕ ಎಣ್ಣಿ ಚಲೋ ಸಾಧನ. ಅಷ್ಟರಮಟ್ಟಿಗೆ ಅವ್ವಾರು ಹೇಳಿದ್ದು ಖರೇ. ನನ್ನ ತಕರಾರು ಕಾಸೋದಕ್ಕ ಮತ್ತು ಬೆಳ್ಳುಳ್ಳಿಗೆ. ಕಾಸಿದ ಎಣ್ಣಿ ಮ್ಯಾಲೆ ಆರಿದಂಗ ಕಾಣ್ತದ, ತಳದಾಗ ಬಿಸಿ ಉಳದಿರ್ತದ. ಒಳಗಿನ ಆ ತೆಳ್ಳನ್ನ ಚರ್ಮಕ್ಕ ಬೊಬ್ಬೆ ಎದ್ದ ಕಿವಿ ನಾನು ನೋಡೀನಿ. ಬೆಳ್ಳುಳ್ಳಿ ರಸ ಅಂತೂ ಕೈ ಚರ್ಮನೇ ಸುಡ್ತದ. ಇನ್ನ ಮ್ಯಾಲೆ ಹತ್ತಿ ಜಡಿಯೋದರಿಂದ ಎಣ್ಣೀನ ಹತ್ತಿ ಕುಡೀತದ, ಗುಗ್ಗೆಗೆ ಏನೂ ಉಳಿಯಂಗಿಲ್ಲ.

ಬನಹಟ್ಟಿ ತಮ್ಮಾ, ನಿಮ್ಮ ಉತ್ತರ ನೋಡಿದ್ರ ಅಪ್ಪಾಜಿಗೆ ಎಣ್ಣಿ ಹಾಕಾಕ ಅಡ್ಡಿ ಕಾಣಸಂಗಿಲ್ಲ. ಮೆಡಿಕಲ್‌ನಾಗ ಸಣ್ಣ ಬಾಟಲಿ ಆಲಿವ್ ಎಣ್ಣಿ ಇಲ್ಲಾ ಬಾದಾಮಿ ಎಣ್ಣಿ ತಗೋರಿ, ವಾಸನೆ, ಔಷಧ ಏನೂ ಬೆರೆಸಿರಬಾರದು. ಅಡಿಗಿ ಮನಿ ಡಬ್ಬೀದು ಬ್ಯಾಡ. ಒಂದು ಡ್ರಾಪರ್ ಬೇಕು. ಬಾಟಲಿ ಐದು ನಿಮಿಷ ಮುಷ್ಟ್ಯಾಗ ಹಿಡ್ಕೊಂಡ್ರ ಮೈ ಬೆಚ್ಚಗಿನಷ್ಟು ಆಗ್ತದ, ಒಲಿ ಬೇಕಿಲ್ಲ. ಎಣ್ಣಿ ತೀರಾ ತಣ್ಣಗಿದ್ರ ತಲಿ ತಿರುಗ್ತದ. ಎಡಮಗ್ಗಲಕ್ಕ ಮಲಗಿಸಿ, ಬಲಗಿವಿ ಹಾಲೆ ಮ್ಯಾಲಕ್ಕ ಮತ್ತು ಹಿಂದಕ್ಕ ಸ್ವಲ್ಪ ಎಳೀರಿ, ಡೊಂಕ ದಾರಿ ನೆಟ್ಟಗ ಆಗ್ತದ. ಮೂರು ಹನಿ ಬಿಡ್ರಿ. ಆ ಮುಂದಿನ ಗುಬಟು ಮೆಲ್ಲಕ ನಾಕೈದು ಸಲ ಒತ್ತಿ ಬಿಡ್ರಿ, ಎಣ್ಣಿ ಒಳಗ ಇಳೀತದ. ಹತ್ತು ನಿಮಿಷ ಹಂಗೇ ಮಲಗಿರಲಿ. ಎದ್ದಾಗ ಹೊರಗ ಬಂದದ್ದನ್ನ ಒರಸ್ರಿ, ಅಷ್ಟೇ. ದಿನಕ್ಕ ಎರಡು ಸಲ, ನಾಕೈದು ದಿನ. ನಡುವ ನೋವು, ಸೋರೋದು, ತಲಿ ತಿರುಗೋದು ಶುರು ಆದ್ರ ನಿಲ್ಲಿಸ್ರಿ.

ನೂಲಿನ ಉಂಡಿ, ಬಡ್ ಎರಡೂ ಬಂದ್ ಆಗಬೇಕು. ಇಲ್ಲಾಂದ್ರ ಎಣ್ಣಿ ಬಿಟ್ಟು ಉಪಯೋಗಿಲ್ಲ.

ಜಮಖಂಡಿ_ಮೆಡಿಕಲ್ · ಬುಧವಾರ ಸಂಜೆ

ನಂದು ಔಷಧ ಅಂಗಡಿ. ಎಣ್ಣಿ ಯಾಕ್ರಿ, ಗುಗ್ಗೆ ಕರಗಿಸೋ ಡ್ರಾಪ್ಸೇ ಸಿಗ್ತಾವಲ್ಲ? ನಮ್ಮಲ್ಲಿ ಭಾಳ ಹೋಗ್ತಾವ. ಆಮ್ಯಾಲೆ ಸೂಜಿ ಇಲ್ಲದ ಸಿರಿಂಜ್‌ನಾಗ ಉಗುರುಬೆಚ್ಚನ್ನ ನೀರು ಹೊಡದ್ರ ಗುಗ್ಗೆ ಹೊರಗ ಬರ್ತದ. ಮಂದಿ ಕೇಳಿ ಒಯ್ತಾರ.

ವಿಜಯಪುರ_ಶ್ರವಣ · ಬುಧವಾರ ರಾತ್ರಿ

ಡ್ರಾಪ್ಸ್ ತಪ್ಪಲ್ಲ, ಅಣ್ಣಾರ. ಆದ್ರ ಇಲ್ಲೀತನಕ ಆದ ಅಧ್ಯಯನಗಳನ್ನ ಕೂಡಿಸಿ ನೋಡಿದವರಿಗೆ ಒಂದು ಹನಿಗಿಂತ ಇನ್ನೊಂದು ಮೇಲು ಅಂತ ಹೇಳೋ ಹಂಗ ಏನೂ ಸಿಕ್ಕಿಲ್ಲ. ಐದು ದಿನ ಏನಾರ ಹಾಕಿದವರ ಕಿವಿ, ಏನೂ ಹಾಕದವರ ಕಿವಿಗಿಂತ ಹೆಚ್ಚು ತೆರದಾವ. ಬರೀ ಉಪ್ಪುನೀರಿಗೂ ಔಷಧಕ್ಕೂ ಹೇಳಿಕೊಳ್ಳೋವಂಥಾ ಫರಕ್ ಇಲ್ಲ. ನಮ್ಮಲ್ಲಿ ಸಿಗೋ ಕೆಲವು ಡ್ರಾಪ್ಸ್‌ನಾಗ ಟರ್ಪೆಂಟೈನ್ ಎಣ್ಣಿ, ಮರಗಟ್ಟಿಸೋ ಔಷಧ ಇರ್ತಾವ, ಕೆಲವರ ಚರ್ಮಕ್ಕ ಉರಿ ಆಗ್ತದ. ಹಂಗಾಗಿ ಮನ್ಯಾಗ ಶುರು ಮಾಡೋವರಿಗೆ ಸಾದಾ ಎಣ್ಣಿ ಹೇಳ್ತೀನಿ.

ನೀರಿನ ಸಿರಿಂಜ್ ಮಾತ್ರ ಇವರ ಅಪ್ಪಾಜಿಗೆ ಬ್ಯಾಡವೇ ಬ್ಯಾಡ. ಸಕ್ಕರೆ ಅದ, ವಯಸ್ಸಾಗೇದ. ಅಂಥವರ ಕಿವ್ಯಾಗ ನೀರು ನಿಂತು, ಚರ್ಮ ಸ್ವಲ್ಪ ತರಚಿದ್ರ, ಸೂಡೊಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಹೊಕ್ಕು ಎಲುಬಿಗೆ ಇಳೀಬಹುದು. ಅಪರೂಪ ಖರೇ, ಆದ್ರ ಬಂತಂದ್ರ ವಾರಗಟ್ಟಲೆ ಆಂಟಿಬಯಾಟಿಕ್, ಕೆಲವೊಮ್ಮೆ ಮುಖದ ನರಕ್ಕೂ ಹೊಡತ. ಸಕ್ಕರೆ ಇದ್ದವರಿಗೆ ಕಿವಿ ಸೋರಿ, ರಾತ್ರಿ ನಿದ್ದಿ ಕೆಡೋವಷ್ಟು ನೋವು ಬಂದ್ರ ಒಂದು ದಿನನೂ ತಡ ಮಾಡಬಾರದು. ಸಿರಿಂಜ್ ಕೇಳಿ ಬಂದವರಿಗೆ ಸಕ್ಕರೆ ಅದನೋ, ಕಿವಿ ಸೋರಿತ್ತೋ ಅಂತ ನೀವು ಎರಡು ಮಾತು ಕೇಳಿದ್ರೂ ಭಾಳ ಉಪಕಾರ ಆಗ್ತದ.

ಜಮಖಂಡಿ_ಮೆಡಿಕಲ್ · ಬುಧವಾರ ರಾತ್ರಿ

ಇದು ನನಗ ಗೊತ್ತಿರಲಿಲ್ರಿ. ಕೇಳ್ತೀನಿ. ಹಂಗಾದ್ರ ಸಕ್ಕರೆ ಇಲ್ಲದ, ಕಿವಿ ಎಂದೂ ಸೋರದ ವಯಸ್ಸಿನ ಹುಡುಗ ಬಂದ್ರ ಕೊಡಬಹುದಾ?

ವಿಜಯಪುರ_ಶ್ರವಣ · ಬುಧವಾರ ರಾತ್ರಿ

ಕೆಲವು ದೇಶದಾಗ ರಬ್ಬರ್ ಬಲ್ಬಿನ ಸಿರಿಂಜ್ ಮನ್ಯಾಗ ಉಪಯೋಗಿಸ್ತಾರ. ಮೊದಲು ಎಣ್ಣಿಯಿಂದ ಮೆತ್ತಗ ಮಾಡಿ, ಮೈ ಬೆಚ್ಚಗಿನ ನೀರು, ಕಡಿಮಿ ಒತ್ತಡ. ನಮ್ಮಲ್ಲಿ ಇಂಜೆಕ್ಷನ್ ಸಿರಿಂಜ್ ತಗೊಂಡು ಜೋರಾಗಿ ಒತ್ತತಾರ, ಅದೇ ನನಗ ಅಂಜಿಕಿ. ಪರದೆ ಹೆಂಗದ ಅಂತ ಒಬ್ಬರು ನೋಡದ ಹೊರತು ನಾನು ಹೂಂ ಅನ್ನಂಗಿಲ್ಲ. ಬ್ಯಾರೆಯವರ ಅಭಿಪ್ರಾಯ ಬ್ಯಾರೆ ಇರಬಹುದು.

ಬನಹಟ್ಟಿ_ಮಗ್ಗ · ಗುರುವಾರ ರಾತ್ರಿ

ಅಕ್ಕಾರ, ಎರಡು ಸುದ್ದಿ.

ಮೊದಲನೇದು ಕ್ಯಾಂಡಲ್. ನೀವು ಹೇಳಿದಂಗ ಚರಿಗಿ ಮ್ಯಾಲೆ ಇಟ್ಟು ಹತ್ತು ನಿಮಿಷ ಉರಿಸಿದ್ವಿ. ಅತ್ತಿ ಮಗಾನೂ ಬಾಜೂಕ ನಿಂತಿದ್ದ. ಬಿಚ್ಚಿದ್ರ ಅದೇ ಹಳದಿ ಪುಡಿ, ಅದೇ ಕಂದು ಮೇಣ! ಮೊನ್ನೆ ಬಿಚ್ಚಿದ ತುಂಡು ಇನ್ನೂ ಕಾಗದದಾಗ ಸುತ್ತಿ ಇಟ್ಟಿದ್ವಿ. ಎರಡೂ ಬಾಜೂಬಾಜೂ ಇಟ್ಟು ನೋಡಿದ್ವಿ, ಯಾವುದು ಕಿವೀದು, ಯಾವುದು ಚರಿಗೀದು ಅಂತ ಅವ್ವಗ ಗುರ್ತು ಹಿಡೀಲಾಕ ಆಗಲಿಲ್ಲ. ಚರಿಗಿ ತಳದಾಗೂ ಎರಡು ಮೇಣದ ಹನಿ ಬಿದ್ದು ಗಟ್ಟಿ ಆಗಿದ್ವು. ಅದನ್ನ ನೋಡಿ ಎದಿ ಝಲ್ ಅಂತು. ಮೊನ್ನೆ ಆ ಜಾಗಾದಾಗ ಅಪ್ಪನ ಕಿವಿ ಇತ್ತಲ್ರಿ.

ಎರಡನೇದು ಎಣ್ಣಿ. ನಿನ್ನೆಯಿಂದ ಮೂರು ಸಲ ಹಾಕೀವಿ. ಇವತ್ತು ಮುಂಜಾನೆಯಿಂದ ಅಪ್ಪಾಗ ಮೊದಲು ಕೇಳ್ತಿದ್ದ ಅಷ್ಟೋ ಇಷ್ಟೋನೂ ಕೇಳ್ಸವಲ್ದು. ಪೂರ್ತಿ ಬಂದ್ ಅಂತಾರ. ಕಿವಿ ಕೆಡಿಸಿದ್ವೇನೋ ಅಂತ ಅವ್ವ ಅಳಾಕತ್ತಾಳ. ನಿಲ್ಲಿಸಬೇಕೇನ್ರಿ?

ವಿಜಯಪುರ_ಶ್ರವಣ · ಗುರುವಾರ ರಾತ್ರಿ

ಅವ್ವಾರಿಗೆ ಧೈರ್ಯ ಹೇಳ್ರಿ. ಗುಗ್ಗೆ ಎಣ್ಣಿ ಕುಡದು ಮೆತ್ತಗಾಗಿ, ಹರಡಿ, ಉಳದ ಸಂದಿನೂ ಮುಚ್ಚೇದ. ಇದನ್ನ ಮೊದಲೇ ಹೇಳಬೇಕಿತ್ತು, ಹೇಳದ್ದು ನನ್ನ ತಪ್ಪು. ನೋವಿಲ್ಲಾಂದ್ರ, ತಲಿ ತಿರುಗಂಗಿಲ್ಲಾಂದ್ರ ಮುಂದುವರಿಸ್ರಿ. ನಾಳೆ ಮತ್ತೊಮ್ಮೆ ಗುನುಗಿಸಿ ನೋಡ್ರಿ, ಬಲಕ್ಕೇ ಕೇಳ್ಸಬೇಕು.

ಕ್ಯಾಂಡಲ್ ಬಗ್ಗೆ ನೀವೇ ಉತ್ತರ ಕೊಟ್ರಿ. ಆ ಪುಡಿ ಅರ್ಧ ಸುಟ್ಟ ಮೇಣ ಮತ್ತು ಬಟ್ಟೆ. 1996ರಾಗ ಅಮೆರಿಕದ ಕಿವಿ ಡಾಕ್ಟರು ಇದೇ ಪ್ರಯೋಗ ಅಳತೆ ಸಮೇತ ಮಾಡಿದ್ರು. ಕ್ಯಾಂಡಲ್ ಉರಿಯೋವಾಗ ಎಳೆಯೋ ಒತ್ತಡ ಹುಟ್ಟಲೇ ಇಲ್ಲ, ಗುಗ್ಗೆನೂ ಬರಲಿಲ್ಲ, ಬದಲಿಗೆ ಕೆಲವರ ಕಿವಿಗೆ ಮೇಣ ಬಿತ್ತು. ಸುಟ್ಟಗಾಯ, ಮೇಣ ಬಿದ್ದು ಕಿವಿ ಮುಚ್ಚಿದ್ದು, ಪರದೆ ತೂತಾದದ್ದು ಹಿಂಗ ಪ್ರಕರಣಗಳೂ ದಾಖಲಾದ್ವು. ವಿಚಾರ ಮಾಡ್ರಿ, ಅಂಟು ಗುಗ್ಗೆನ ಕಿತ್ತು ಎಳಿಯೋವಷ್ಟು ಜಗ್ಗು ಆ ಕೊಳವಿಗೆ ಇದ್ದಿದ್ರ, ಗುಗ್ಗೆಗಿಂತ ಮೊದಲು ಪರದೆನೇ ಹರೀತಿತ್ತು.

ಮೊನ್ನೆ ಹಚ್ಚಿದ್ರಲ್ಲ, ಆ ವಿಷಯ ಡಾಕ್ಟರಿಗೆ ತಪ್ಪದೆ ಹೇಳ್ರಿ. ಮೇಣ ಬಿದ್ದಿದ್ರ ಎಣ್ಣಿಗೆ ಬಗ್ಗಂಗಿಲ್ಲ. ಮಂಗಳವಾರ ಇಎನ್‌ಟಿ ಓಪಿಡಿಗೆ ಹೋಗೋ ತಯಾರಿ ಇಟ್ಕೋರಿ. ಇಷ್ಟು ವರ್ಷದ ಜಡಿತ ಎಣ್ಣಿಯೊಂದರಿಂದ ತಾನಾಗೇ ಬರೋದು ಕಷ್ಟ.

ಟಿಳಕವಾಡಿ_ಹುಡುಗ · ಶುಕ್ರವಾರ ಬೆಳಿಗ್ಗೆ

ಕ್ಯಾಂಡಲ್ ವಿಷಯ ಒಪ್ಪಿದೆ. ನಾನು ಹಚ್ಚಿ ನೋಡ್ರಿ ಅಂದದ್ದಕ್ಕ ಕ್ಷಮಿಸ್ರಿ. ಆದ್ರ ಬಡ್ ನನಗ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಸ್ನಾನ ಆದಮ್ಯಾಲೆ ಕಿವಿ ತುರಸ್ತದ, ಬಡ್ ಹಾಕಿದ್ರೇ ಸಮಾಧಾನ. ಹತ್ತು ವರ್ಷ ಏನೂ ಆಗದ್ದು ಸುಳ್ಳೇ? ಈಗ ಮೊಬೈಲಿಗೆ ಜೋಡಿಸೋ ಕ್ಯಾಮೆರಾ ಇರೋ ಕಿವಿ ಕಡ್ಡಿನೂ ಬಂದಾವ. ನೋಡ್ಕೋತ ತಗದ್ರ ಡಾಕ್ಟರು ಮಾಡೋದಕ್ಕೂ ನಾವು ಮಾಡೋದಕ್ಕೂ ಏನು ಫರಕ್?

ವಿಜಯಪುರ_ಶ್ರವಣ · ಶುಕ್ರವಾರ ಸಂಜೆ

ಸುಳ್ಳಲ್ಲ ತಮ್ಮಾ. ಬಡ್ ಹಾಕಿದ ಎಲ್ಲರ ಕಿವಿನೂ ಮುಚ್ಚಂಗಿಲ್ಲ. ದಾರಿ ಅಗಲ ಇದ್ದವರು, ಗುಗ್ಗೆ ಕಡಿಮಿ ಬರೋವರು ವರ್ಷಾನುಗಟ್ಟಲೆ ಪಾರಾಗ್ತಾರ. ಆದ್ರ ನಿನ್ನ ತುರಿಕೆ ಎಲ್ಲಿಂದ ಬಂತು ಅಂತ ವಿಚಾರ ಮಾಡು. ಗುಗ್ಗೆ ಆ ಚರ್ಮಕ್ಕ ಎಣ್ಣಿ ಇದ್ದಂಗ, ಸ್ವಲ್ಪ ಆಮ್ಲದ ಗುಣನೂ ಇರೋದರಿಂದ ಬೂಸು ಹತ್ತಗೊಡಂಗಿಲ್ಲ. ದಿನಾ ಅದನ್ನ ಒರಸಿ ತಗದ್ರ ಚರ್ಮ ಒಣಗಿ ತುರಸ್ತದ, ತುರಿಸಿತು ಅಂತ ಮತ್ತ ಬಡ್. ಎರಡು ವಾರ ಬಿಟ್ಟು ನೋಡು. ಮೊದಲ ನಾಕು ದಿನ ತಡಕೋಳೋದು ಕಷ್ಟ ಆಗ್ತದ. ಸ್ನಾನ ಆದಮ್ಯಾಲೆ ಟವೆಲ್ ತುದಿಯಿಂದ ಬೆರಳು ಹೋಗೋವಷ್ಟೇ ಒರಸು. ಎರಡು ವಾರ ಆದಮ್ಯಾಲೂ ತುರಿಕೆ ಹಂಗೇ ಇದ್ರ, ಇಲ್ಲಾ ಒಳಗಿಂದ ಒದ್ದಿ ಕಾಗದದಂಥಾದ್ದು, ಕರೀ ಚುಕ್ಕಿ ಇದ್ದದ್ದು ಬಂದ್ರ ಅದು ಬೂಸು. ಅದಕ್ಕ ಎಣ್ಣಿನೂ ಬ್ಯಾಡ, ಡಾಕ್ಟರಿಗೆ ತೋರಿಸು.

ಕ್ಯಾಮೆರಾ ಕಡ್ಡಿ ಬಗ್ಗೆ: ನೋಡಾಕ ಅಡ್ಡಿಯಿಲ್ಲ ಅನ್ನೋವರದಾರ. ನನ್ನ ಅನುಭವದಾಗ ನೋಡಿದ ಕೈ ಸುಮ್ಮನಿರಂಗಿಲ್ಲ. ಮೊಬೈಲ್ ಸ್ಕ್ರೀನ್ ಮ್ಯಾಲೆ ಚಪ್ಪಟೆ ಚಿತ್ರ ಕಾಣ್ತದ, ತುದಿ ಎಷ್ಟು ಆಳದಾಗದ ಅನ್ನೋದು ತಿಳಿಯಂಗಿಲ್ಲ. ಡಾಕ್ಟರು ಎರಡೂ ಕಣ್ಣಿಂದ ಸೂಕ್ಷ್ಮದರ್ಶಕದಾಗ ನೋಡ್ಕೋತ ತಗೀತಾರ, ತಲಿ ಅಲ್ಲಾಡದಂಗ ಹಿಡ್ಕೊಳ್ಳೋವರೂ ಇರ್ತಾರ.

ಟಿಳಕವಾಡಿ_ಹುಡುಗ · ಶುಕ್ರವಾರ ಸಂಜೆ

ಎರಡು ವಾರ ನೋಡ್ತೀನಿ. ಕ್ಯಾಮೆರಾ ಬಗ್ಗೆ ಇನ್ನೂ ನಂದು ಬ್ಯಾರೆ ಅಭಿಪ್ರಾಯ.

ಗೋಕಾಕ_ಅವ್ವ · ಶನಿವಾರ

ಅಕ್ಕಾರ, ತೋರಿಸಿಕೊಂಡು ಬಂದ್ವಿ. ನೀವು ಅಂದಂಗೇ ಪರದಿಗೆ ಸಣ್ಣ ತೂತು ಬಿದ್ದೇತಿ ಅಂದ್ರು. ಔಷಧ ಕೊಟ್ಟಾರ, ಎರಡು ವಾರ ಬಿಟ್ಟು ಮತ್ತ ಕರದಾರ. ಜಳಕದಾಗ ನೀರು ಹೋಗದಂಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಬಾಯಿಗಷ್ಟೇ ಇಡ್ರಿ ಅಂದ್ರು. ಎಣ್ಣಿ ಬಿಡಲಿಲ್ಲ, ಪುಣ್ಯ.

ಅಥಣಿ_ಕಾಕಾ · ಶನಿವಾರ

ಕೂಸು ಅರಾಮಾಗ್ಲಿ ತಂಗಿ. ಸೋರೂ ಕಿವಿಗೆ ಎಣ್ಣಿ ಬ್ಯಾಡ, ಅದು ತಿಳೀತು. ಬೆಳ್ಳುಳ್ಳಿ ವಿಷಯ ಮಾತ್ರ ನಾನು ನಮ್ಮವ್ವನ ಕಡೆನೇ.

ಬನಹಟ್ಟಿ_ಮಗ್ಗ · ಮಂಗಳವಾರ ರಾತ್ರಿ

ಇವತ್ತು ಹೋಗಿ ಬಂದ್ವಿ. ಎಲ್ಲಾ ಬರೀತೀನಿ, ಇನ್ನೊಬ್ಬರಿಗೆ ಉಪಯೋಗ ಆಗ್ಲಿ.

ಡಾಕ್ಟರು ಸಣ್ಣ ಸಕ್ಷನ್ ನಳಿಗಿ ಮತ್ತ ಕೊಕ್ಕಿ ಇಟ್ಕೊಂಡು ನೋಡ್ಕೋತ ತಗದ್ರು. ಅಪ್ಪ ಸಪ್ಪಳ ಜೋರು ಅಂದ್ರು, ನೋವಿರಲಿಲ್ಲ. ಮೊದಲು ಮೆತ್ತಗಿನ ಗುಗ್ಗಿ, ಆಮ್ಯಾಲೆ ಕರ್ರಗ ಹುಣಸಿ ಹಣ್ಣಿನಂಥಾ ಉಂಡಿ. ಅದರ ನಡುವ ನೂಲಿನ ಎಳಿ ಸುತ್ತಿದ್ವು, ಒಂದು ಬಡ್ಡಿನ ಹತ್ತಿ ತುದಿನೂ ಇತ್ತು. ಅದು ಎಂದು ಒಳಗ ಉಳೀತೋ ಅಪ್ಪಾಗೇ ನೆನಪಿಲ್ಲ. ಕ್ಯಾಂಡಲ್ ವಿಷಯ ಹೇಳಿದೆ, ಪರದಿ ಚಲೋ ಐತಿ, ಮೇಣ ಕಾಣಸಂಗಿಲ್ಲ ಅಂದ್ರು. ಎಡಗಿವ್ಯಾಗೂ ಅರ್ಧ ಮುಚ್ಚಿತ್ತು, ಅದನ್ನೂ ತಗದ್ರು.

ಹೊರಗ ಬಂದ ಕೂಡ್ಲೇ ಅಪ್ಪ, "ರಿಕ್ಷಾ ಇಷ್ಟ್ಯಾಕ ಒದರ್ತಾವು" ಅಂದ್ರು. ನಾನು ಬಲಕ್ಕ ನಿಂತು ಮೆಲ್ಲಕ ಕರದೆ, ಹೊಳ್ಳಿ ನೋಡಿದ್ರು. ಕಣ್ಣಾಗ ನೀರು ಬಂತ್ರಿ.

ಆದ್ರ ಕೇಳೋ ಪರೀಕ್ಷೆನೂ ಮಾಡಿದ್ರು. ಕಾಗದದಾಗ ಎರಡೂ ಕಿವಿಯ ಗೆರಿ 4000 ಅಂತ ಬರದ ಕಡೆ ಕೆಳಗ ಕುಸದೇತಿ, 8000ಕ್ಕ ಮತ್ತ ಸ್ವಲ್ಪ ಮ್ಯಾಲೆದ್ದೇತಿ. ಇದು ಗುಗ್ಗಿದಲ್ಲ, ಮಗ್ಗದ ಸಪ್ಪಳದ್ದು ಅಂದ್ರು. ಅಕ್ಕಾರ, ಇದಕ್ಕ ಏನೂ ಇಲ್ಲೇನ್ರಿ? ಮತ್ತ ನೂಲು ತುರುಕಬ್ಯಾಡಂದ್ರ ನಾಳೆ ಮಗ್ಗಕ್ಕ ಹೆಂಗ ಕಳಸ್ಲಿ?

ವಿಜಯಪುರ_ಶ್ರವಣ · ಬುಧವಾರ ಮುಂಜಾನೆ

ಗುಗ್ಗೆ ತಗದದ್ದರಿಂದ ಬರಬೇಕಾದ್ದು ಬಂತು. 4000 ಹರ್ಟ್ಜ್, ಅಂದ್ರ ಚೂಪು ಸ್ವರದ ಕಡೆ ಆದ ಕುಸಿತ ಒಳಗಿವಿಯ ಕೂದಲಿನಂಥಾ ಕೋಶಗಳು ಸಪ್ಪಳಕ್ಕ ಸತ್ತದ್ದು, ಅವು ಹೊಳ್ಳಿ ಬರಂಗಿಲ್ಲ. ಅದನ್ನ ಅಲ್ಲೇ ನಿಲ್ಲಿಸೋದಷ್ಟೇ ನಮ್ಮ ಕೈಯಾಗದ. ನೂಲಿನ ಉಂಡಿ ಸಪ್ಪಳ ತಡೆಯೋದು ಭಾಳ ಕಡಿಮಿ, ಗುಗ್ಗೆ ಜಡಿಯೋದು ಮಾತ್ರ ಹೆಚ್ಚು. ಬೆರಳಿನಾಗ ಹೊಸೆದು ಹಾಕೋ ಸ್ಪಂಜಿನ ಇಯರ್‌ಪ್ಲಗ್ ಇರ್ತಾವ, ಆದ್ರ ಅಪ್ಪಾಜಿ ಕಿವಿ ಇಷ್ಟು ಗುಗ್ಗೆ ಕೂಡಿಸ್ತಾವಂದ್ರ ಒಳಗ ಹೋಗೋದು ಯಾವುದೂ ಬ್ಯಾಡ. ಹೊರಗಿಂದ ಪೂರ್ತಿ ಕಿವಿ ಮುಚ್ಚೋ ಇಯರ್‌ಮಫ್ ಹುಡುಕ್ರಿ. ಆರು ತಿಂಗಳಿಗೊಮ್ಮೆ ಕಿವಿ ತೋರಿಸ್ರಿ, ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿಸಿ ಗೆರಿ ಕೂಡಿಸಿ ನೋಡ್ರಿ. ಈ ಕಾಗದ ಕಳೀಬ್ಯಾಡ್ರಿ.

ಬನಹಟ್ಟಿ_ಮಗ್ಗ · ಬುಧವಾರ ರಾತ್ರಿ

ಕಾಗದ ಟ್ರಂಕಿನಾಗ ಇಟ್ಟೀನ್ರಿ. ಇಯರ್‌ಮಫ್ ಒಂದು ಸಿಕ್ತು. ಅಪ್ಪ ಒಂದು ತಾಸು ಹಾಕ್ಕೊಂಡು, ಬೆವರು ಇಳೀತೈತಿ, ಎಳಿ ಹರದ ಸಪ್ಪಳ ತಿಳಿಯಂಗಿಲ್ಲ ಅಂತ ತಗದು ಮಗ್ಗದ ಮ್ಯಾಲೆ ಇಟ್ಟಾರ. ಇಲ್ಲಿ ಬ್ಯಾರೆ ಯಾರಾರ ಮಗ್ಗದ ಮಂದಿ ಇದ್ರ ಹೇಳ್ರಿ, ಬ್ಯಾಸಗ್ಯಾಗ ಶೆಡ್ಡಿನೊಳಗ ಇದನ್ನ ಹಾಕ್ಕೊಂಡು ಕೆಲಸ ಮಾಡೋ ರೂಢಿ ಹೆಂಗ ಹಚ್ಕೊಂಡ್ರಿ?